ನೀರಿನಲ್ಲಿ ಮುಳುಗಿದ ಮಸೂರ: ಸಂಗಮ ದೂರ ಮೂವತ್ತೋ ನಲವತ್ತೋ?

ಸುಂಟಿಕೊಪ್ಪದ ಅಕ್ಕನ ಮನೆಗೆ ಏಪ್ರಿಲ್‌ನಲ್ಲಿ ಹೋದಾಗ ಅವಳ ಮಗಳು ಸಿಇಟಿಗೆ ಓದುತ್ತಾ ಒಂದು ಲೆಕ್ಕದ ಮುಂದೆ ಕುಳಿತಿದ್ದಳು. ಗಾಜಿನ ಪೀನ ಮಸೂರ, ಗಾಳಿಯಲ್ಲಿ ಸಂಗಮ ದೂರ 10 ಸೆಂ.ಮೀ. ಅದನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿದರೆ ಸಂಗಮ ದೂರ ಎಷ್ಟು? ಗಾಜಿನ ವಕ್ರೀಭವನ ಸೂಚ್ಯಂಕ 1.5, ನೀರಿನದು 1.33. ಅವಳಿಗೆ 30 ಬಂದಿತ್ತು, ಪುಸ್ತಕದ ಹಿಂದಿನ ಉತ್ತರ 40. "ಮಾವ, ಪುಸ್ತಕದಲ್ಲೇ ತಪ್ಪು ಅಚ್ಚಾಗಿರಬೇಕು" ಎಂದಳು. ಅವಳ ಲೆಕ್ಕದಲ್ಲಿ ಕೂಡಿದ್ದು ಕಳೆದದ್ದೆಲ್ಲ ಸರಿಯಾಗಿಯೇ ಇತ್ತು. ತಪ್ಪು ಇದ್ದದ್ದು ಒಂದೇ ಜಾಗದಲ್ಲಿ, ಮತ್ತು ಅಲ್ಲಿ ಎಡವುವವರು ಬಹಳ ಜನ. ಹಾಗಾಗಿ ಮೊದಲು ಕಾಗದದ ಮೇಲೆ, ಆಮೇಲೆ ಬಕೆಟ್ ನೀರಿನಲ್ಲಿ ಅದನ್ನು ನೋಡಿಬಿಡೋಣ ಎಂದು ಎದ್ದೆವು.

ಸೂತ್ರದಲ್ಲಿ ಎರಡು ಭಾಗ

ಲೆನ್ಸ್ ತಯಾರಕರ ಸೂತ್ರ ಹೀಗಿದೆ:

```
1/f = (n_g/n_m − 1) × (1/R1 − 1/R2)
```

ಇಲ್ಲಿ f ಸಂಗಮ ದೂರ, n_g ಗಾಜಿನ ವಕ್ರೀಭವನ ಸೂಚ್ಯಂಕ, n_m ಸುತ್ತಲಿನ ಮಾಧ್ಯಮದ್ದು. R1, R2 ಎಂದರೆ ಮಸೂರದ ಎರಡು ಮೈಗಳ ವಕ್ರತಾ ತ್ರಿಜ್ಯಗಳು. ಎರಡನೆಯ ಆವರಣದಲ್ಲಿ ಇರುವುದು ಆಕಾರ ಮಾತ್ರ. ನೀರಿಗೆ ಹಾಕಿದ ಮಾತ್ರಕ್ಕೆ ಗಾಜಿನ ಆಕಾರ ಬದಲಾಗುವುದಿಲ್ಲ. ಆದ್ದರಿಂದ ಗಾಳಿಯ ಸಮೀಕರಣವನ್ನು ನೀರಿನ ಸಮೀಕರಣದಿಂದ ಭಾಗಿಸಿದರೆ ಆ ಆವರಣ ಹೊರಟೇ ಹೋಗುತ್ತದೆ. ತ್ರಿಜ್ಯಗಳನ್ನು ಅಳೆಯುವ ಕೆಲಸವೂ ಇಲ್ಲ, ಅವುಗಳಿಗೆ ಧನ, ಋಣ ಚಿಹ್ನೆ ಹಾಕುವ ತಲೆನೋವೂ ಇಲ್ಲ. ಗಾಳಿಗೆ a, ನೀರಿಗೆ w ಎಂದು ಗುರುತಿಟ್ಟರೆ ಉಳಿಯುವುದು ಇಷ್ಟೇ:

```
f_w / f_a = (n_g − 1) / (n_g/n_w − 1)
```

ಗಾಳಿಯ ಪಾಲಿಗೆ 1.5 − 1, ಅಂದರೆ 0.5. ನೀರಿನ 1.33ನ್ನು 4/3 ಎಂದು ಹಿಡಿದು 1.5ನ್ನು ಅದರಿಂದ ಭಾಗಿಸಿದರೆ 1.125, ಅದರಿಂದ ಒಂದು ಕಳೆದರೆ 0.125. ಅರ್ಧವನ್ನು ಎಂಟನೆಯ ಒಂದರಿಂದ ಭಾಗಿಸಿದರೆ ನಾಲ್ಕು. 10 ಸೆಂ.ಮೀ. ಇದ್ದದ್ದು 40 ಸೆಂ.ಮೀ. ಆಗುತ್ತದೆ.

ಹುಡುಗಿ ಮಾಡಿದ್ದೇನೆಂದರೆ, ಭಾಗಿಸುವ ಬದಲು ಕಳೆದಿದ್ದಳು. 1.5ರಿಂದ 1.33 ಹೋದರೆ 0.17, ಅರ್ಧವನ್ನು ಅದರಿಂದ ಭಾಗಿಸಿದರೆ ಸುಮಾರು ಮೂರು. ಕಳೆಯುವುದು ಪೂರ್ತಿ ಅಸಂಬದ್ಧವೂ ಅಲ್ಲ ಎಂಬುದೇ ಇಲ್ಲಿ ನನಗೆ ಇಷ್ಟವಾಗುವ ಸಂಗತಿ. ಗಾಜಿನ ಒಂದು ಮೈ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಲೆಕ್ಕದಲ್ಲಿ ಎರಡು ಸೂಚ್ಯಂಕಗಳ ವ್ಯತ್ಯಾಸವೇ ಬರುತ್ತದೆ. ಆದರೆ ಹಾಗೆ ಲೆಕ್ಕ ಹಾಕಿದಾಗ ಸಮೀಕರಣದ ಎಡಗಡೆ 1/f ಇರುವುದಿಲ್ಲ, n_w/f ಇರುತ್ತದೆ. ಮಸೂರ ದಾಟಿದ ಬೆಳಕು ಮುಂದೆ ಸಾಗುವುದು ನೀರಿನಲ್ಲೇ ತಾನೆ? ಆ 1.33ನ್ನು ಮರೆತವರಿಗೆ 30 ಸಿಗುತ್ತದೆ, ನೆನಪಿಟ್ಟು ಗುಣಿಸಿದವರಿಗೆ 40.

ಕಣದಲ್ಲಿ ಬಕೆಟ್

40 ಸೆಂ.ಮೀ. ಸಂಗಮ ದೂರವನ್ನು ನೀರಿನೊಳಗೆ ನೇರವಾಗಿ ಅಳೆಯಬೇಕೆಂದರೆ ಅಷ್ಟು ಆಳದ ಡ್ರಮ್ ಬೇಕು. ಅಷ್ಟೇ ಅಲ್ಲ, ಬೆಳಕು ಎಲ್ಲಿ ಅತಿ ಚಿಕ್ಕ ಚುಕ್ಕೆಯಾಯಿತು ಎಂದು ಕಣ್ಣಿನಲ್ಲಿ ಹೇಳುವುದೂ ಕಷ್ಟ. ಗಾಳಿಯಲ್ಲಿ ಈ ಮಸೂರ ಮೂಡಿಸುವ ಸೂರ್ಯನ ಬಿಂಬ ಒಂದು ಮಿಲಿಮೀಟರಿಗಿಂತ ಚಿಕ್ಕದು. ನೀರಿನಲ್ಲಿ ಅದು ಮೂರು ಪಟ್ಟು ಅಗಲವಾಗಿ ಹರಡಿಕೊಳ್ಳುತ್ತದೆ. ಒಂದೆರಡು ಸೆಂಟಿಮೀಟರ್ ಆಚೀಚೆ ಸರಿಸಿದರೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅದಕ್ಕೊಂದು ಸುಲಭದ ಉಪಾಯವಿದೆ. ಮಸೂರದಿಂದ ಹೊರಟ ಬೆಳಕು ಶಂಕುವಿನ ಹಾಗೆ ಕಿರಿದಾಗುತ್ತಾ ಹೋಗಿ ಸಂಗಮದಲ್ಲಿ ಕೂಡುತ್ತದೆ. ಕೂಡುವ ತನಕ ಕಾಯುವುದೇಕೆ? ಅರ್ಧ ದಾರಿಯಲ್ಲೇ ತಡೆದು ಬೆಳಕಿನ ವೃತ್ತದ ಅಗಲ ಅಳೆದರೆ ಸಾಕು. ಮಸೂರದ ವ್ಯಾಸ D, ಅದರಿಂದ d ದೂರದಲ್ಲಿ ಬಿದ್ದ ವೃತ್ತದ ವ್ಯಾಸ s ಆದರೆ:

```
f = d / (1 − s/D)
```

20 ಸೆಂ.ಮೀ. ದೂರದಲ್ಲಿ ವೃತ್ತ ಸರಿಯಾಗಿ ಅರ್ಧಕ್ಕೆ ಇಳಿದಿದ್ದರೆ ಸಂಗಮ ದೂರ 40. ಸ್ನಾನದ ಮನೆಯ ಬಕೆಟ್ಟಿನಲ್ಲೇ ಇಷ್ಟು ಆಗುತ್ತದೆ.

ಬೆಳಕು ಮಾತ್ರ ಮೇಲಿನಿಂದ ನೆಟ್ಟಗೆ ಬೀಳಬೇಕು. ಕೊಡಗು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ. ಏಪ್ರಿಲ್ 23ರ ಸುಮಾರಿಗೆ ಮಧ್ಯಾಹ್ನ 12 ಗಂಟೆ 25 ನಿಮಿಷದ ಹೊತ್ತಿಗೆ ಸೂರ್ಯ ಇಲ್ಲಿ ನೆತ್ತಿಯ ಮೇಲಿರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟ್ 20ರ ಸುಮಾರಿಗೆ ಇನ್ನೊಮ್ಮೆ ಹಾಗೆ ಬರುತ್ತಾನೆ, ಆದರೆ ಆ ಮಳೆಯಲ್ಲಿ ಅವನ ಮುಖ ಕಾಣುವ ನಂಬಿಕೆ ಯಾರಿಗೂ ಇಲ್ಲ. ಬೇರೆ ತಿಂಗಳುಗಳಲ್ಲಿ ಮಾಡುವವರು ಒಂದು ಚಪ್ಪಟೆ ಕನ್ನಡಿಯಿಂದ ಬಿಸಿಲನ್ನು ನೇರ ಕೆಳಕ್ಕೆ ತಿರುಗಿಸಿಕೊಳ್ಳಬೇಕು.

ತೋಟದೊಳಗೆ ಸಿಲ್ವರ್ ಓಕ್ ನೆರಳು. ಹಾಗಾಗಿ ಕಾಫಿ ಒಣಗಿಸುವ ಕಣಕ್ಕೆ ಹೋದೆವು. ಏಪ್ರಿಲ್‌ನಲ್ಲಿ ಅದು ಖಾಲಿ, ಮೇಲೆ ಬರೀ ಆಕಾಶ. ಹಿಂದಿನ ಸಂಜೆ ಮಳೆ ಬಂದಿದ್ದರಿಂದ ತೊಟ್ಟಿಯ ನೀರು ಕದಡಿತ್ತು, ಕುಡಿಯುವ ನೀರನ್ನೇ ಬಕೆಟ್ಟಿಗೆ ಸುರಿದೆವು. ಕದಡಿದ ನೀರಿನಲ್ಲಿ ಬೆಳಕು ಚದುರಿ ವೃತ್ತದ ಅಂಚು ಮಸುಕಾಗುತ್ತದೆ.

ಹೆಜ್ಜೆ ಹೆಜ್ಜೆಯಾಗಿ

ಮೊದಲು ಗಾಳಿಯಲ್ಲಿ ಅಳೆಯಿರಿ. ಕತ್ತಲೆಯ ಕೋಣೆಯಲ್ಲಿ ಕಿಟಕಿಯ ಎದುರಿನ ಗೋಡೆಯ ಬಳಿ ಮಸೂರ ಹಿಡಿದರೆ ದೂರದ ಮರಗಳು ತಲೆಕೆಳಗಾಗಿ ಗೋಡೆಯ ಮೇಲೆ ಮೂಡುತ್ತವೆ. ಚಿತ್ರ ಸ್ಪಷ್ಟವಾದಾಗ ಗೋಡೆಯಿಂದ ಮಸೂರದ ದಪ್ಪದ ನಡುಭಾಗಕ್ಕೆ ಇರುವ ದೂರವೇ ಸಂಗಮ ದೂರ. ನಮ್ಮದು 10 ಸೆಂ.ಮೀ. ಬಂತು. ಇದಕ್ಕೆ ಬಿಸಿಲನ್ನು ಬಳಸಬೇಡಿ, ಕಾಗದ ಸುಟ್ಟೀತು. ಮಸೂರದ ಮೂಲಕ ಸೂರ್ಯನನ್ನು ನೋಡುವುದಂತೂ ಯಾವ ಕಾರಣಕ್ಕೂ ಕೂಡದು.

ಆಮೇಲೆ ಬೇಲಿ ತಂತಿಯಿಂದ ಮುಕ್ಕಾಲಿ ಮಾಡಿಕೊಳ್ಳಿ. ಮೂರು ಕಾಲಿನ ಮೇಲೆ ಮಸೂರ ಸಮತಟ್ಟಾಗಿ ಮಲಗಬೇಕು. ಅದರ ನಡುಭಾಗ ತಳಕ್ಕೆ ಹಾಕುವ ಟೈಲ್ಸ್‌ನಿಂದ 20 ಸೆಂ.ಮೀ. ಎತ್ತರದಲ್ಲಿರಲಿ. ಈ ಎತ್ತರವನ್ನು ನೀರಿಗೆ ಇಳಿಸುವ ಮೊದಲೇ ಅಳೆದಿಡಬೇಕು. ಮೇಲಿನಿಂದ ನೋಡಿದರೆ ನೀರಿನ ಆಳ ಮುಕ್ಕಾಲು ಭಾಗವಾಗಿ ಕಾಣುತ್ತದೆ, ಆ ಅಂದಾಜು ನಂಬಿದರೆ ಲೆಕ್ಕ ಕೆಡುತ್ತದೆ.

ತಳಕ್ಕೆ ಬಿಳಿ ಟೈಲ್ಸ್ ತುಂಡು. ಅದರ ಮೇಲೆ ಪೆನ್ಸಿಲ್‌ನಿಂದ ಒಂದೇ ಕೇಂದ್ರದ ಸುತ್ತ ವೃತ್ತಗಳನ್ನು ಬರೆದುಕೊಳ್ಳಿ. ಬೆಳಕು ಬೀಳುವುದೂ ಟೈಲ್ಸ್ ಮೇಲೆ, ಗುರುತು ಇರುವುದೂ ಅದರ ಮೇಲೆಯೇ. ಹೀಗಾಗಿ ನೀರು ಕಣ್ಣಿಗೆ ಏನು ತೋರಿಸಿದರೂ ಎರಡಕ್ಕೂ ಒಂದೇ ಪ್ರಮಾಣದಲ್ಲಿ ತೋರಿಸುತ್ತದೆ. ನಮ್ಮ ಮಸೂರದ ಚೌಕಟ್ಟಿನೊಳಗಿನ ವ್ಯಾಸ 50 ಮಿ.ಮೀ. ಸಂಗಮ ದೂರ 30 ಆದರೆ ವೃತ್ತ 17 ಮಿ.ಮೀ. ಇರಬೇಕು, 40 ಆದರೆ 25. ಹುಡುಗಿ ಎರಡನ್ನೂ ಬರೆದು, ನಡುವೆ ಎರಡೆರಡು ಮಿಲಿಮೀಟರಿಗೆ ಒಂದೊಂದು ಗೆರೆ ಹಾಕಿದಳು.

ಟೈಲ್ಸ್, ಮುಕ್ಕಾಲಿ, ಮಸೂರವನ್ನು ಬಕೆಟ್ಟಿನಲ್ಲಿ ಇಟ್ಟು, ಮಸೂರದ ಮೇಲೆ ಎರಡು ಬೆರಳು ನೀರು ನಿಲ್ಲುವ ಹಾಗೆ ತುಂಬಿ. ತುಂಬಿದ ಮೇಲೆ ಮಸೂರವನ್ನು ಒಮ್ಮೆ ಓರೆ ಮಾಡಿ ಅಡಿಯಲ್ಲಿ ಸಿಕ್ಕಿದ ಗಾಳಿಗುಳ್ಳೆಗಳನ್ನು ಬಿಡಿಸಿ. ಒಂದು ದೊಡ್ಡ ಗುಳ್ಳೆ ಉಳಿದರೂ ಅದು ನೀರಿನೊಳಗೆ ಬೆಳಕನ್ನು ಹರಡುವ ಮಸೂರದಂತೆ ಕೆಲಸ ಮಾಡಿ ವೃತ್ತದೊಳಗೆ ಕಪ್ಪು ಕಲೆ ಮೂಡಿಸುತ್ತದೆ. ಗಾಳಿ ಬೀಸಿ ಮೇಲ್ಮೈ ಅಲುಗಿದರೆ ತಳದಲ್ಲಿ ಬೆಳಕಿನ ಗೆರೆಗಳು ಓಡಾಡುತ್ತವೆ. ಒಂದು ನಿಮಿಷ ಸುಮ್ಮನೆ ಕುಳಿತರೆ ತಿಳಿಯಾಗುತ್ತದೆ.

ಬಂದದ್ದು ಇಪ್ಪತ್ತಮೂರು

ವೃತ್ತದ ಅಂಚು ಬ್ಲೇಡಿನಿಂದ ಕತ್ತರಿಸಿದಷ್ಟು ಚೂಪಾಗಿ ಇರುವುದಿಲ್ಲ. ಸೂರ್ಯ ಒಂದು ಬಿಂದುವಲ್ಲ, ತಟ್ಟೆ. ಹಾಗಾಗಿ ಬೆಳಕಿನಿಂದ ನೆರಳಿಗೆ ಇಳಿಯುವ ಒಂದೂವರೆ ಮಿಲಿಮೀಟರಿನ ಮಸುಕು ಪಟ್ಟಿ ಇರುತ್ತದೆ. ಅದರ ನಡುವನ್ನೇ ಅಂಚೆಂದು ಹಿಡಿಯಬೇಕು. ಹಾಗೆ ಹಿಡಿದಾಗ ಹುಡುಗಿ ಓದಿದ್ದು 23 ಮಿ.ಮೀ. ನಾನು ಓದಿದ್ದೂ ಅದೇ.

ಹದಿನೇಳರ ವೃತ್ತ ಎಲ್ಲೋ ಒಳಗೆ ಉಳಿದಿತ್ತು. ಕಳೆಯುವ ಲೆಕ್ಕ ಅಲ್ಲಿಗೇ ಬಿತ್ತು. ಆದರೆ 25ಕ್ಕೂ ಮುಟ್ಟಿರಲಿಲ್ಲ. "ಪುಸ್ತಕವೂ ಸರಿ ಇಲ್ಲ ಅಲ್ವಾ ಮಾವ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. 20ನ್ನು 1 − 0.46ರಿಂದ ಭಾಗಿಸಿದರೆ 37. ನಾಲ್ಕು ಪಟ್ಟು ಬರಬೇಕಾದದ್ದು 3.7 ಪಟ್ಟು ಬಂದಿದೆ. ಈಗ ಸೂತ್ರವನ್ನು ತಿರುಗಿಸಿ, ಅಳೆದ ಪಟ್ಟನ್ನು k ಎಂದು ಕರೆದು, ಗಾಜಿನ ಸೂಚ್ಯಂಕವನ್ನೇ ಕೇಳಬಹುದು:

```
n_g = n_w (k − 1) / (k − n_w)
```

k ಜಾಗದಲ್ಲಿ 3.7, n_w ಜಾಗದಲ್ಲಿ 1.333 ಹಾಕಿದರೆ 1.52 ಸಿಗುತ್ತದೆ. ಸಾಮಾನ್ಯ ಕ್ರೌನ್ ಗಾಜಿನ ಸೂಚ್ಯಂಕ ಅಷ್ಟೇ. 1.5 ಎಂಬುದು ಲೆಕ್ಕದ ಅನುಕೂಲಕ್ಕೆ ಪುಸ್ತಕ ಹಿಡಿದುಕೊಂಡ ದುಂಡು ಸಂಖ್ಯೆ. ಸೂಚ್ಯಂಕದಲ್ಲಿ 0.02ರ ವ್ಯತ್ಯಾಸ ಗಾಳಿಯಲ್ಲಿ ಸಂಗಮ ದೂರವನ್ನು ಶೇಕಡ 4ರಷ್ಟು ಮಾತ್ರ ಬದಲಿಸುತ್ತದೆ. ನೀರಿನಲ್ಲಿ ಗಾಜಿಗೂ ನೀರಿಗೂ ಇರುವ ಅಂತರವೇ ಕಡಿಮೆ, ಆ ಸಣ್ಣ ಅಂತರದ ಮೇಲೆ ಇದೇ 0.02 ಭಾರವಾಗಿ ಕೂರುತ್ತದೆ. ದುಬಾರೆಯಲ್ಲಿ ಮುಳುಗಿ ಕಣ್ಣು ಬಿಟ್ಟಾಗ ಹೊಳೆಯ ಕಲ್ಲುಗಳು ಮಬ್ಬಾಗಿ ಕಾಣುವುದಕ್ಕೂ ಇಂಥ ಅಂತರವೇ ಕಾರಣ. ಕಣ್ಣಿನ ಕಾರ್ನಿಯಾದ ಸೂಚ್ಯಂಕ ಸುಮಾರು 1.376, ನೀರಿನ ಪಕ್ಕದಲ್ಲಿ ಅದರ ಹೊರಮೈಗೆ ಬೆಳಕನ್ನು ಬಾಗಿಸುವ ಬಲ ಹೆಚ್ಚೇನೂ ಉಳಿಯುವುದಿಲ್ಲ.

ನಮ್ಮ ಓದಿನಲ್ಲಿ ಒಂದು ಮಿಲಿಮೀಟರ್ ಆಚೀಚೆ ಆಗಿರಬಹುದು. 22 ಇದ್ದಿದ್ದರೆ ಸೂಚ್ಯಂಕ 1.53, 24 ಇದ್ದಿದ್ದರೆ 1.51. ಬಕೆಟ್ಟಿನ ಪ್ರಯೋಗಕ್ಕೆ ಇದಕ್ಕಿಂತ ಹೆಚ್ಚು ನಿಖರತೆ ಕೇಳಬಾರದು. ಆದರೆ ನಿಮಗೆ ವೃತ್ತದ ಬದಲು ತಳದಲ್ಲಿ ಬರೀ ಪುಟ್ಟ ಚುಕ್ಕೆ ಕಂಡರೆ ಅದು ಓದಿನ ತಪ್ಪಲ್ಲ, ನೀರು ಸಾಲದೆ ಮಸೂರದ ಮೇಲಿನ ಮೈ ಹೊರಗೆ ಉಳಿದಿದೆ ಎಂದರ್ಥ. ಆಗ ಮೇಲೆ ಗಾಳಿ, ಕೆಳಗೆ ನೀರು. ಎರಡೂ ಮೈ ಒಂದೇ ಆಕಾರದ ಮಸೂರವಾದರೆ ಬೆಳಕು ಸುಮಾರು 20 ಸೆಂಟಿಮೀಟರಿನಲ್ಲೇ ಕೂಡಿಬಿಡುತ್ತದೆ. ಎರಡೂ ಕಡೆ ಒಂದೇ ಮಾಧ್ಯಮ ಇದ್ದಾಗ ಮಾತ್ರ ಮೇಲೆ ಬರೆದ ಸೂತ್ರ ನಡೆಯುವುದು.

ಒಂದು ಗಂಟೆಯ ಹೊತ್ತಿಗೆ ಮೋಡ ಕವಿಯಿತು. ಅಷ್ಟರಲ್ಲಿ ಹುಡುಗಿ ಅಜ್ಜ ಪೇಪರ್ ಓದುವ ಅಕ್ರಿಲಿಕ್ ಭೂತಗನ್ನಡಿಯನ್ನು ಒಳಗಿನಿಂದ ತಂದಿದ್ದಳು. ಗಾಳಿಯಲ್ಲಿ 10 ಸೆಂ.ಮೀ. ಸಂಗಮ ದೂರ, 50 ಮಿ.ಮೀ. ಅಗಲ ಎಂದಿಟ್ಟುಕೊಂಡು, ಅಕ್ರಿಲಿಕ್‌ನ ಸೂಚ್ಯಂಕ 1.49 ಹಾಕಿ ಲೆಕ್ಕ ಮಾಡಿದಳು. ಈ ಸಲ ಭಾಗಿಸಿಯೇ ಮಾಡಿದಳು, 4.16 ಪಟ್ಟು ಬಂತು. ಟೈಲ್ಸ್ ಮೇಲೆ 26 ಮಿ.ಮೀ. ವೃತ್ತವೊಂದನ್ನು ಹೊಸದಾಗಿ ಬರೆದು, ಮಾರನೆಯ ದಿನದ ಬಿಸಿಲಿಗೆಂದು ಜಗಲಿಯ ಮೇಲೆ ತೆಗೆದಿಟ್ಟಳು.