ಅಪೊಸ್ಟಿಲ್ ಯಾವ ದೇಶಕ್ಕೆ, ಎಂಬೆಸಿ ಅಟೆಸ್ಟೇಶನ್ ಯಾವ ದೇಶಕ್ಕೆ: ನನ್ನ ಅನುಭವ

ನನಗೆ ದುಬೈನಲ್ಲಿ ಕೆಲಸ ಸಿಕ್ಕ ಸಮಯಕ್ಕೇ ತಂಗಿ ತನ್ನ ಗಂಡನ ಜೊತೆ ನೆದರ್‌ಲ್ಯಾಂಡ್ಸ್‌ಗೆ ಹೊರಟಿದ್ದಳು. ನನ್ನ ಡಿಗ್ರಿ ಸರ್ಟಿಫಿಕೇಟ್, ಅವಳ ಜನನ ಪ್ರಮಾಣಪತ್ರ, ಮದುವೆ ಸರ್ಟಿಫಿಕೇಟ್ ಎಲ್ಲದರ ಓಡಾಟ ನಾನೇ ನೋಡಿಕೊಂಡೆ. ಇಬ್ಬರ ಕಾಗದಗಳೂ ಕರ್ನಾಟಕದಲ್ಲೇ ಕೊಟ್ಟವು. ಆದರೂ ಅವು ಹೋದ ದಾರಿ ಬೇರೆ ಬೇರೆ. ಯಾಕೆ ಅಂತ ಗೊತ್ತಾದರೆ ಏಜೆಂಟ್ ಹತ್ತಿರ ಏನು ಕೇಳಬೇಕು ಅನ್ನೋದೂ ಗೊತ್ತಾಗುತ್ತದೆ.

ಮೊದಲು ನೋಡಬೇಕಾದ್ದು ಕಾಗದವನ್ನು ಯಾವ ದೇಶದಲ್ಲಿ ತೋರಿಸುತ್ತೀರಿ ಅನ್ನೋದು. ನಿಮ್ಮ ಪಾಸ್‌ಪೋರ್ಟ್ ಯಾವುದು, ಕಂಪನಿ ಯಾವ ದೇಶದ್ದು ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. 1961ರ ಅಕ್ಟೋಬರ್ 5ರಂದು ಹೇಗ್‌ನಲ್ಲಿ ಒಂದು ಒಪ್ಪಂದ ಆಯಿತು. ಅದರಲ್ಲಿರುವ ದೇಶಗಳು ಒಂದರ ಸರ್ಕಾರಿ ಕಾಗದವನ್ನು ಇನ್ನೊಂದು ಒಂದೇ ಮುದ್ರೆಯ ಮೇಲೆ ಒಪ್ಪುತ್ತವೆ. ಆ ಮುದ್ರೆಯೇ ಅಪೊಸ್ಟಿಲ್. ಭಾರತಕ್ಕೆ ಇದು 2005ರ ಜುಲೈನಿಂದ ಜಾರಿಯಲ್ಲಿದೆ. ನೆದರ್‌ಲ್ಯಾಂಡ್ಸ್ ಈ ಒಪ್ಪಂದದಲ್ಲಿದೆ. ಹಾಗಾಗಿ ತಂಗಿಯ ಕಾಗದಗಳಿಗೆ ಅಪೊಸ್ಟಿಲ್ ಸಾಕಾಯಿತು. ನಾನು ಕಾಗದ ಮಾಡಿಸುವಾಗ ಯುಎಇ ಅದರಲ್ಲಿ ಇರಲಿಲ್ಲ. ಹಾಗಾಗಿ ನನ್ನ ಡಿಗ್ರಿ ಯುಎಇ ಎಂಬೆಸಿಯ ಕೈ ದಾಟಲೇಬೇಕಿತ್ತು. ಎಂಬೆಸಿ ಅಟೆಸ್ಟೇಶನ್ ಅನ್ನೋದು ಇದನ್ನೇ.

ಎರಡು ದಾರಿಗೂ ಶುರುವಿನ ಅರ್ಧ ಒಂದೇ. ಇದನ್ನು ತುಂಬಾ ಜನ ಗಮನಿಸುವುದಿಲ್ಲ. ದೆಹಲಿಯ ವಿದೇಶಾಂಗ ಸಚಿವಾಲಯಕ್ಕೆ, ಅಂದರೆ ಎಂಇಎಗೆ, ನಮ್ಮ ಊರಿನ ರಿಜಿಸ್ಟ್ರಾರ್ ಸಹಿ ಹೇಗಿರುತ್ತದೆ ಅಂತ ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತಿರುವುದು ರಾಜ್ಯ ಸರ್ಕಾರ ಇದಕ್ಕಾಗಿ ನೇಮಿಸಿದ ಅಧಿಕಾರಿಗಳ ಮಾದರಿ ಸಹಿ ಮಾತ್ರ. ಹಾಗಾಗಿ ಮೊದಲು ರಾಜ್ಯದ ಮುದ್ರೆ, ಆಮೇಲೆ ಎಂಇಎ. ಜನನ, ಮದುವೆಯಂಥ ವೈಯಕ್ತಿಕ ಕಾಗದಗಳು ಬೆಂಗಳೂರಿನಲ್ಲಿ ಗೃಹ ಇಲಾಖೆಗೆ ಹೋಗುತ್ತವೆ. ಡಿಗ್ರಿ, ಅಂಕಪಟ್ಟಿ ಉನ್ನತ ಶಿಕ್ಷಣ ಇಲಾಖೆಗೆ. ವ್ಯಾಪಾರದ ಕಾಗದಗಳಿಗೆ ವಾಣಿಜ್ಯ ಮಂಡಳಿಯ ಮುದ್ರೆ. ಪವರ್ ಆಫ್ ಅಟಾರ್ನಿ, ಅಫಿಡವಿಟ್ ಥರದವು ಖಾಸಗಿ ಕಾಗದ. ಅವಕ್ಕೆ ಮೊದಲು ನೋಟರಿ ಆಗಬೇಕು, ಉಳಿದದ್ದೆಲ್ಲ ಅದರ ನಂತರ.

ತಂಗಿಯ ಜನನ ಪ್ರಮಾಣಪತ್ರ ಹಳೆಯದು, ಕೈಬರಹದ್ದು. ಅಮ್ಮ ಅದು ಹಾಳಾಗದಿರಲಿ ಅಂತ ಲ್ಯಾಮಿನೇಟ್ ಬೇರೆ ಮಾಡಿಸಿಟ್ಟಿದ್ದರು. ಲ್ಯಾಮಿನೇಟ್ ಆದ ಕಾಗದದ ಮೇಲೆ ಮುದ್ರೆ ಕೂರುವುದಿಲ್ಲ, ಸಹಿ ನಿಲ್ಲುವುದಿಲ್ಲ. ಬಿಡಿಸಲು ಹೋದರೆ ಶಾಯಿಯೂ ಎದ್ದು ಬರಬಹುದು. ಹಾಗಾಗಿ ಅದನ್ನು ಮುಟ್ಟಲಿಲ್ಲ. ಕನ್ನಡ, ಇಂಗ್ಲಿಷ್ ಎರಡೂ ಇರುವ ಹೊಸ ಪ್ರತಿಯನ್ನೇ ತೆಗೆಸಿದೆವು. ನೆದರ್‌ಲ್ಯಾಂಡ್ಸ್‌ನ ಪುರಸಭೆಯಲ್ಲಿ, ಅವರು ಗೆಮೆಂಟೆ ಅನ್ನುವ ಕಚೇರಿಯಲ್ಲಿ, ಹೆಸರು ನೋಂದಾಯಿಸಲು ಈ ಕಾಗದ ತೋರಿಸಬೇಕು. ಅವರು ಇಂಗ್ಲಿಷ್ ಕಾಗದ ಒಪ್ಪುತ್ತಾರೆ, ಆದ್ದರಿಂದ ಅನುವಾದದ ಖರ್ಚು ಉಳಿಯಿತು. ಪಾಸ್‌ಪೋರ್ಟ್‌ನಲ್ಲಿರುವ ಹೆಸರು, ಜನನ ಪತ್ರದ ಹೆಸರು, ಮದುವೆ ಸರ್ಟಿಫಿಕೇಟಿನ ಹೆಸರು ಅಕ್ಷರಕ್ಕೆ ಅಕ್ಷರ ಹೊಂದುತ್ತವಾ ಅಂತ ನೋಡಿಕೊಳ್ಳಬೇಕಾದ್ದು ಈ ಹಂತದಲ್ಲೇ. ಯಾಕೆಂದರೆ ಮೇಲೆ ಬೀಳುವ ಯಾವ ಮುದ್ರೆಯೂ ಒಳಗಿನ ತಪ್ಪನ್ನು ಸರಿ ಮಾಡುವುದಿಲ್ಲ. ಅಪೊಸ್ಟಿಲ್ ಹೇಳುವುದು ಇಷ್ಟೇ: ಈ ಸಹಿ ನಿಜ, ಸಹಿ ಹಾಕಿದವರಿಗೆ ಆ ಅಧಿಕಾರ ಇತ್ತು, ಈ ಮೊಹರು ನಿಜ. ಒಳಗೆ ಬರೆದಿರುವುದು ನಿಜವೇ ಅನ್ನೋದರ ಬಗ್ಗೆ ಅದು ಮಾತಾಡುವುದಿಲ್ಲ.

ಗೃಹ ಇಲಾಖೆಯ ಮುದ್ರೆ ಆದ ಮೇಲೆ ಕಾಗದ ಎಂಇಎಗೆ. ಅಲ್ಲಿ ಕೌಂಟರ್‌ನಲ್ಲಿ ನಾವೇ ಕೊಡಲು ಆಗುವುದಿಲ್ಲ. ಸಚಿವಾಲಯ ನೇಮಿಸಿದ ಏಜೆನ್ಸಿಗಳ ಮೂಲಕವೇ ಕೊಡಬೇಕು. 2019ರಿಂದ ಈ ಕೆಲಸ ಬೆಂಗಳೂರೂ ಸೇರಿದಂತೆ ಬೇರೆ ನಗರಗಳಲ್ಲೂ ಆಗುತ್ತದೆ, ದೆಹಲಿಗೇ ಹೋಗಬೇಕು ಅಂತಿಲ್ಲ. ಅಪೊಸ್ಟಿಲ್‌ಗೆ ಸರ್ಕಾರದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ. ಅದರ ಮೇಲೆ ಏಜೆನ್ಸಿಯ ಸೇವಾ ಶುಲ್ಕ ಬರುತ್ತದೆ. ಯಾರಾದರೂ ಒಂದೇ ಮೊತ್ತ ಹೇಳಿದರೆ ಸರ್ಕಾರದ್ದೆಷ್ಟು, ನಿಮ್ಮದೆಷ್ಟು ಅಂತ ಬಿಡಿಸಿ ಹೇಳಿಸಿಕೊಳ್ಳಿ.

ಕಾಗದ ವಾಪಸ್ ಬಂದಾಗ ಹಿಂಬದಿಯಲ್ಲಿ ಚೌಕಾಕಾರದ ಒಂದು ಸ್ಟಿಕರ್ ಇತ್ತು. ಮೇಲೆ ಫ್ರೆಂಚ್‌ನಲ್ಲಿ ಶೀರ್ಷಿಕೆ, `Apostille (Convention de La Haye du 5 octobre 1961)`. ಯಾವ ದೇಶ ಕೊಟ್ಟರೂ ಈ ಸಾಲು ಫ್ರೆಂಚ್‌ನಲ್ಲೇ ಇರಬೇಕು ಅನ್ನೋದು ಒಪ್ಪಂದದ ನಿಯಮ. ಕೆಳಗೆ ಒಂದರಿಂದ ಹತ್ತರವರೆಗೆ ಅಂಕಿ ಹಾಕಿದ ಸಾಲುಗಳು: ದೇಶ, ಸಹಿ ಹಾಕಿದವರು, ಅವರ ಹುದ್ದೆ, ಮೊಹರು ಯಾರದು, ಊರು, ತಾರೀಖು, ಯಾರು ದೃಢಪಡಿಸಿದರು, ಸಂಖ್ಯೆ, ಮೊಹರು, ಸಹಿ. ಇವನ್ನು ನಾನು ಏಜೆನ್ಸಿಯ ಬಾಗಿಲಲ್ಲೇ ಕೂತು ಒಂದೊಂದಾಗಿ ಓದಿ ನೋಡಿದೆ. ಏನಾದರೂ ವ್ಯತ್ಯಾಸ ಇದ್ದರೆ ಇಲ್ಲೇ ತಿದ್ದಿಸಿಕೊಳ್ಳುವುದು ಸುಲಭ, ಅಲ್ವಾ? ಅಲ್ಲಿಗೆ ತಂಗಿಯ ಕಾಗದದ ಕೆಲಸ ಮುಗಿಯಿತು. ನೆದರ್‌ಲ್ಯಾಂಡ್ಸ್ ಎಂಬೆಸಿಗೆ ಹೋಗಲೇ ಇಲ್ಲ.

ನನ್ನ ಡಿಗ್ರಿಯ ದಾರಿ ಉದ್ದ. ವಿಶ್ವವಿದ್ಯಾಲಯದಿಂದ ಇದು ನಮ್ಮದೇ ಅಂತ ಖಾತ್ರಿ, ಉನ್ನತ ಶಿಕ್ಷಣ ಇಲಾಖೆಯ ಮುದ್ರೆ, ನಂತರ ಎಂಇಎ. ಅಲ್ಲಿ ಅಪೊಸ್ಟಿಲ್ ಅಲ್ಲ, ಸಾಮಾನ್ಯ ಅಟೆಸ್ಟೇಶನ್ ಅಂತ ಅರ್ಜಿಯಲ್ಲಿ ಹೇಳಬೇಕು, ಯಾವ ದೇಶಕ್ಕೆ ಅಂತಲೂ ಬರೆಯಬೇಕು. ಅದಾದ ಮೇಲೆ ಭಾರತದಲ್ಲಿರುವ ಯುಎಇ ಎಂಬೆಸಿ. ಎಂಬೆಸಿ ನೋಡುವುದು ನಮ್ಮ ಎಂಇಎ ಸಹಿಯನ್ನು. ಕೊನೆಗೆ ಯುಎಇಯ ವಿದೇಶಾಂಗ ಸಚಿವಾಲಯ, ಅಲ್ಲಿರುವ ನಮ್ಮವರೆಲ್ಲ ಮೊಫಾ ಅನ್ನುತ್ತಾರೆ, ತಮ್ಮ ಎಂಬೆಸಿಯ ಮುದ್ರೆಯನ್ನು ದೃಢಪಡಿಸುತ್ತದೆ. ಇದೆಲ್ಲ ಸರಪಳಿಯ ಕೊಂಡಿಗಳ ಹಾಗೆ, ಪ್ರತಿಯೊಬ್ಬರೂ ತಮ್ಮ ಹಿಂದಿನವರ ಸಹಿಯನ್ನು ಮಾತ್ರ ಗುರುತಿಸುತ್ತಾರೆ. ನಡುವೆ ಒಂದು ಬಿಟ್ಟರೆ ಮುಂದಿನವರು ಕಾಗದ ಮುಟ್ಟುವುದಿಲ್ಲ. ಅಪೊಸ್ಟಿಲ್ ಬಂದದ್ದೇ ಈ ಸರಪಳಿಯ ಕೊನೆಯ ಕೊಂಡಿಗಳನ್ನು ತೆಗೆದುಹಾಕಲು.

ಒಬ್ಬ ಏಜೆಂಟ್ ರಾಜ್ಯದ ಇಲಾಖೆ ಬದಲು ದೆಹಲಿಯ ಎಸ್‌ಡಿಎಂ, ಅಂದರೆ ಉಪವಿಭಾಗ ಮ್ಯಾಜಿಸ್ಟ್ರೇಟರ ಮುದ್ರೆ ಹಾಕಿಸುತ್ತೇನೆ, ಬೇಗ ಆಗುತ್ತದೆ ಅಂದರು. ನಾನು ನೇರವಾಗಿ ದುಬೈ ಕಂಪನಿಯ ಎಚ್‌ಆರ್‌ಗೆ ಮೇಲ್ ಮಾಡಿ, ನಿಮಗೆ ಯಾವ ಮುದ್ರೆ ಬೇಕು ಅಂತ ಕೇಳಿದೆ. ಅವರು ಡಿಗ್ರಿಗೆ ರಾಜ್ಯದ ಶಿಕ್ಷಣ ಇಲಾಖೆಯದೇ ಬೇಕು ಅಂತ ಬರೆದರು. ಈ ಪ್ರಶ್ನೆಗೆ ಉತ್ತರವನ್ನು ಕಾಗದ ತೆಗೆದುಕೊಳ್ಳುವವರಿಂದಲೇ, ಬರಹದಲ್ಲಿ ಪಡೆಯಿರಿ.

ಈಗ ಯಾವ ದೇಶ ಒಪ್ಪಂದದಲ್ಲಿದೆ ಅನ್ನೋ ಪಟ್ಟಿಯ ವಿಷಯ. ಗಲ್ಫ್ ಅಂದರೆ ಎಂಬೆಸಿ, ಯೂರೋಪ್ ಅಂದರೆ ಅಪೊಸ್ಟಿಲ್ ಅಂತ ಕಣ್ಣುಮುಚ್ಚಿ ನಂಬಬೇಡಿ. ಒಮಾನ್ 2012ರಿಂದ, ಬಹ್ರೇನ್ 2013ರ ಕೊನೆಯಿಂದ ಒಪ್ಪಂದದಲ್ಲಿವೆ. ಸೌದಿ ಅರೇಬಿಯಾದಲ್ಲಿ ಇದು 2022ರ ಡಿಸೆಂಬರ್ 7ರಿಂದ, ಕೆನಡಾದಲ್ಲಿ 2024ರ ಜನವರಿ 11ರಿಂದ ಜಾರಿಗೆ ಬಂತು. ಅದಕ್ಕೂ ಮುಂಚೆ ಬರೆದಿಟ್ಟ ಸಲಹೆಗಳು ಇನ್ನೂ ಓಡಾಡುತ್ತಿರುತ್ತವೆ.

ಸದಸ್ಯ ದೇಶ ಅಂದ ಮಾತ್ರಕ್ಕೂ ಸಾಕಾಗುವುದಿಲ್ಲ. ಹೊಸದಾಗಿ ಸೇರುವ ದೇಶದ ಬಗ್ಗೆ ಹಳೆಯ ಸದಸ್ಯರು ಆಕ್ಷೇಪ ಹೇಳಬಹುದು. ಆಗ ಆ ಇಬ್ಬರ ನಡುವೆ ಮಾತ್ರ ಒಪ್ಪಂದ ನಡೆಯುವುದಿಲ್ಲ. ಭಾರತ ಸೇರಿದಾಗ ಜರ್ಮನಿ ಹೀಗೆ ಆಕ್ಷೇಪ ಹೇಳಿತು. ಜರ್ಮನಿಗೆ ಹೊರಟಿದ್ದ ನನ್ನ ಸಹೋದ್ಯೋಗಿಯೊಬ್ಬರು ಅಪೊಸ್ಟಿಲ್ ಎಲ್ಲಿ ಮಾಡಿಸಲಿ ಅಂತ ಕೇಳಿದಾಗ, ಹಣ ಕಟ್ಟುವ ಮುಂಚೆ ಆ ಪಟ್ಟಿ ತೆಗೆದು ತೋರಿಸಿದೆ. ಹೇಗ್ ಸಮ್ಮೇಳನದ `hcch.net` ತಾಣದಲ್ಲಿ ಸದಸ್ಯ ದೇಶಗಳ ಕೋಷ್ಟಕವಿದೆ. ಅಲ್ಲಿ ಭಾರತದ ಸಾಲು ತೆರೆದರೆ ಯಾರ ಆಕ್ಷೇಪ ಇದೆ ಅಂತ ಕಾಣುತ್ತದೆ. ಜರ್ಮನ್ ಕಚೇರಿಗಳಿಗೆ ನಮ್ಮ ಕಾಗದದ ಮೇಲೆ ಅನುಮಾನ ಬಂದರೆ ಅವರ ರಾಯಭಾರ ಕಚೇರಿಯ ಮೂಲಕ ತಾವೇ ಪರಿಶೀಲನೆ ಮಾಡಿಸುತ್ತಾರೆ. ನನ್ನ ಸಹೋದ್ಯೋಗಿ ಅಪೊಸ್ಟಿಲ್ ಆಸೆ ಬಿಟ್ಟು, ಕಾಗದ ಕೇಳಿದ ಜರ್ಮನ್ ಕಚೇರಿಗೇ ಬರೆದು, ಏನು ಬೇಕು ಅಂತ ತಿಳಿದುಕೊಂಡರು.