ಈ ವಾರ ತರಕಾರಿ ಬುಟ್ಟಿ ಬೇಡವೇ? ಪಟ್ಟಿ ಮುಚ್ಚುವ ಮೊದಲೇ ತಿಳಿಸಿ

ವಾರಕ್ಕೊಮ್ಮೆ ತರಕಾರಿ ಬುಟ್ಟಿ ತರಿಸಿಕೊಳ್ಳುವ ಎಷ್ಟೋ ಮಂದಿ ಊರಿಗೆ ಹೊರಡುವ ಹಿಂದಿನ ರಾತ್ರಿ ಆ್ಯಪ್ ತೆರೆದು ‘ಕ್ಯಾನ್ಸಲ್’ ಒತ್ತುತ್ತಾರೆ. ಆದರೂ ಬುಟ್ಟಿ ಬರುತ್ತದೆ, ಹಣವೂ ಹೋಗುತ್ತದೆ. ಮನೆಯವರು ಮರಳುವಷ್ಟರಲ್ಲಿ ಬಾಗಿಲಲ್ಲಿದ್ದ ದಂಟಿನ ಸೊಪ್ಪು ಕೊಳೆತು ನೀರಾಗಿರುತ್ತದೆ.

ಮೊದಲು ನಿಮಗೆ ಬೇಕಾದದ್ದು ಯಾವುದೆಂದು ನಿರ್ಧರಿಸಿ. ‘ಸ್ಕಿಪ್’ ಒಂದು ದಿನಾಂಕದ ಬುಟ್ಟಿಯನ್ನು ಮಾತ್ರ ಬಿಡುತ್ತದೆ. ಮುಂದಿನ ವಾರ ತಾನಾಗಿಯೇ ಬರುತ್ತದೆ. ‘ಕ್ಯಾನ್ಸಲ್’ ಮುಂದಿನ ಬುಟ್ಟಿಗಳನ್ನೆಲ್ಲ ನಿಲ್ಲಿಸುತ್ತದೆ, ಆದರೆ ಆಗಲೇ ಪ್ಯಾಕಿಂಗ್ ಪಟ್ಟಿಗೆ ಸೇರಿದ ಬುಟ್ಟಿಯನ್ನು ಸಾಮಾನ್ಯವಾಗಿ ತಡೆಯುವುದಿಲ್ಲ.

ಎಡವುವುದು ಗಡುವಿನಲ್ಲಿ. ನಿಮ್ಮ ಬುಟ್ಟಿ ಶನಿವಾರ ಬೆಳಿಗ್ಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಶುಕ್ರವಾರ ಸಂಜೆ ಪ್ಯಾಕಿಂಗ್ ನಡೆಯಬೇಕಾದರೆ ಅಂದು ಬೆಳಿಗ್ಗೆಯೇ ಸೊಪ್ಪು ಕೊಯ್ಯಬೇಕು. ಎಷ್ಟು ಕಂತೆ ಬೇಕೆಂದು ಗುರುವಾರವೇ ರೈತರಿಗೆ ಹೇಳಬೇಕು. ಹಾಗಾಗಿ ಬುಧವಾರ ರಾತ್ರಿಗೇ ಪಟ್ಟಿ ಮುಚ್ಚುತ್ತದೆ. ಶುಕ್ರವಾರ ಮಧ್ಯಾಹ್ನ ನೀವು ಏನು ಒತ್ತಿದರೂ ಅದು ಮುಂದಿನ ವಾರದ ಲೆಕ್ಕಕ್ಕೆ ಹೋಗುತ್ತದೆ. ಗಡುವು ‘ಬುಧವಾರ ರಾತ್ರಿ 12’ ಎಂದಿದ್ದರೆ ಮಂಗಳವಾರ ಮುಗಿಯುವ 12 ಗಂಟೆಯೋ, ಬುಧವಾರ ಮುಗಿಯುವ 12 ಗಂಟೆಯೋ ಎಂದು ಕೇಳಿ ತಿಳಿದುಕೊಳ್ಳಿ. ಗೊತ್ತಾಗದಿದ್ದರೆ ಮಂಗಳವಾರ ಸಂಜೆಯೇ ಕೆಲಸ ಮುಗಿಸಿ. ಗಡುವನ್ನು ಎಲ್ಲೂ ಬರೆಯದ ಆ್ಯಪ್‌ಗೆ ಮುಂಗಡ ಹಣ ಕಟ್ಟಲೇಬೇಡಿ.

ಯುಪಿಐ ಆಟೊಪೇ ಇದ್ದವರು ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬರುವ ಸಂದೇಶವನ್ನು ನೆಚ್ಚಿ ಕೂರುತ್ತಾರೆ. ಆ ಸಂದೇಶ ಕಡಿತದ ಬಗ್ಗೆ, ಪ್ಯಾಕಿಂಗ್ ಬಗ್ಗೆ ಅಲ್ಲ. ಶುಕ್ರವಾರ ಹಣ ಕಡಿತವಾಗುವುದಾದರೆ ಸಂದೇಶ ಗುರುವಾರ ಬರಬಹುದು. ಅಷ್ಟರಲ್ಲಿ ಪಟ್ಟಿ ಮುಚ್ಚಿರುತ್ತದೆ. ವಾಚ್‌ಮನ್‌ಗೋ ಬುಟ್ಟಿ ತರುವ ಹುಡುಗನಿಗೋ ‘ಈ ವಾರ ಬೇಡ’ ಎಂದು ಹೇಳಿಬಿಡುವುದೂ ಕೆಲಸಕ್ಕೆ ಬರುವುದಿಲ್ಲ. ಅವರ ಮಾತು ಪ್ಯಾಕಿಂಗ್ ಪಟ್ಟಿಗೆ ತಲುಪುವುದಿಲ್ಲ.

ಸ್ಕಿಪ್ ಮಾಡುವಾಗ ಕ್ಯಾಲೆಂಡರ್‌ನಲ್ಲಿ ಆ ಶನಿವಾರವನ್ನೇ ಆರಿಸಿ. ಆಮೇಲೆ ಆ್ಯಪ್ ಮುಚ್ಚಿ ಮತ್ತೆ ತೆರೆದು, ಆ ದಿನದ ಮೇಲೆ ಗುರುತು ಉಳಿದಿದೆಯೇ ಎಂದು ನೋಡಿ, ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ತಿಂಗಳ ಹಣ ಮೊದಲೇ ಕಟ್ಟಿದ್ದರೆ ಬಿಟ್ಟ ವಾರ ಕೊನೆಗೆ ಸೇರುತ್ತದೆಯೋ ಹಣ ವಾಪಸಾಗುತ್ತದೆಯೋ ಎಂಬುದನ್ನೂ ಆಗಲೇ ವಿಚಾರಿಸಿ.

ಪೂರ್ತಿ ನಿಲ್ಲಿಸುವವರಿಗೆ ನನ್ನ ಸಲಹೆ ಇದು: ಮೊದಲು ಬರಲಿರುವ ವಾರವನ್ನು ಸ್ಕಿಪ್ ಮಾಡಿ, ವಾಲೆಟ್‌ನಲ್ಲಿ ಉಳಿದ ಹಣ ಕೇಳಿ ಪಡೆಯಿರಿ, ನಂತರ ಕ್ಯಾನ್ಸಲ್ ಮಾಡಿ. ಗಡುವು ಮೀರಿದ್ದರೆ ಈ ಬುಟ್ಟಿಯನ್ನು ಪಕ್ಕದ ಮನೆಗೆ ತಲುಪಿಸಲು ಹೇಳಿ, ಕ್ಯಾನ್ಸಲ್ ಮಾತ್ರ ಇಂದೇ ಮಾಡಿ. ಚಂದಾ ರದ್ದಾಗಿದೆ ಎಂಬ ಖಾತರಿ ಸಂದೇಶ ಬಂದ ಮೇಲೆ ಯುಪಿಐ ಆ್ಯಪ್‌ನ ಆಟೊಪೇ ವಿಭಾಗಕ್ಕೆ ಹೋಗಿ ಅಲ್ಲಿನ ಅನುಮತಿಯನ್ನೂ ರದ್ದುಪಡಿಸಿ. ಬರೀ ಆಟೊಪೇ ತೆಗೆದರೆ ಚಂದಾ ನಿಲ್ಲುವುದಿಲ್ಲ. ಬುಟ್ಟಿ ಬಂದು ಬಾಕಿ ಬೆಳೆಯುವ ಸಾಧ್ಯತೆ ಇರುತ್ತದೆ.