ತೂಗುಸೇತುವೆಯ ಮೇಲೆ ನಾಲ್ವರು, ಒಂದೇ ಬ್ಯಾಟರಿ: 17 ನಿಮಿಷದಲ್ಲಿ ದಾಟಿಸುವುದು ಹೇಗೆ?

ಮಳೆಗಾಲದ ರಾತ್ರಿ. ಹೊಳೆಯ ಈಚೆ ದಡದಲ್ಲಿ ನಾಲ್ವರು ನಿಂತಿದ್ದಾರೆ: ಮಗ, ಅಮ್ಮ, ಕಾಲು ಉಳುಕಿಸಿಕೊಂಡ ಅಪ್ಪ, ಮಂಡಿನೋವಿನ ಅಜ್ಜಿ. ತೂಗುಸೇತುವೆ ಒಮ್ಮೆಗೆ ಇಬ್ಬರನ್ನಷ್ಟೇ ತಾಳುತ್ತದೆ. ಇರುವುದು ಒಂದೇ ಬ್ಯಾಟರಿ. ಬೆಳಕಿಲ್ಲದೆ ಹಲಗೆಯ ಮೇಲೆ ಕಾಲಿಡುವಂತಿಲ್ಲ, ಬ್ಯಾಟರಿಯನ್ನು ಆಚೆ ದಡದಿಂದ ಎಸೆಯುವಂತೆಯೂ ಇಲ್ಲ. ಯಾರಾದರೂ ಕೈಯಲ್ಲಿ ಹಿಡಿದೇ ವಾಪಸು ತರಬೇಕು. ಸೇತುವೆ ದಾಟಲು ಮಗನಿಗೆ 1 ನಿಮಿಷ ಸಾಕು, ಅಮ್ಮನಿಗೆ 2, ಅಪ್ಪನಿಗೆ 5, ಅಜ್ಜಿಗೆ 10 ಬೇಕು. ಇಬ್ಬರು ಜೊತೆಯಾಗಿ ಹೊರಟರೆ ನಿಧಾನವಾಗಿ ನಡೆಯುವವರ ಸಮಯವೇ ಲೆಕ್ಕಕ್ಕೆ ಬರುತ್ತದೆ.

ಎಲ್ಲರೂ ಆಚೆ ಸೇರಲು ಕನಿಷ್ಠ ಎಷ್ಟು ನಿಮಿಷ ಬೇಕು? 1, 2, 5, 10 ಎಂಬ ಈ ಅಂಕಿಗಳು ಹಳೆಯವು, ಮನೆಯವರನ್ನು ಮಾತ್ರ ನಾನು ಸೇರಿಸಿದ್ದೇನೆ.

ಇದನ್ನು ಮನಸ್ಸಿನಲ್ಲೇ ಬಿಡಿಸಲು ಹೋಗಬೇಡಿ. ನಾಲ್ಕು ಚೀಟಿಗಳಲ್ಲಿ ಅಂಕಿ ಬರೆದುಕೊಳ್ಳಿ, ಮೇಜಿನ ನಡುವೆ ಒಂದು ಸ್ಕೇಲು ಇಟ್ಟು ಅದನ್ನೇ ಹೊಳೆ ಎಂದುಕೊಳ್ಳಿ, ಬ್ಯಾಟರಿಯ ಬದಲು ಬೆಂಕಿಪೊಟ್ಟಣ ಇರಲಿ. ಪೊಟ್ಟಣವನ್ನು ಸರಿಸದೆ ಯಾವ ಚೀಟಿಯನ್ನೂ ಸರಿಸಬಾರದು. ಪ್ರತಿ ಸಲ ಸರಿಸಿದಾಗಲೂ ಒಂದು ಸಾಲು ಬರೆಯಿರಿ. ಕೊನೆಯಲ್ಲಿ ನಿಮ್ಮ ಹಾಳೆಯಲ್ಲಿ ಕನಿಷ್ಠ ಐದು ಸಾಲುಗಳಿರಬೇಕು, ಮೂರು ಹೋಗುವುದಕ್ಕೆ, ಎರಡು ಬರುವುದಕ್ಕೆ. ನಾಲ್ಕೇ ಸಾಲುಗಳಿದ್ದರೆ ಎಲ್ಲೋ ಬ್ಯಾಟರಿ ತಾನಾಗಿಯೇ ಹೊಳೆ ದಾಟಿದೆ ಎಂದರ್ಥ. 15 ಅಥವಾ 16 ನಿಮಿಷದ ಉತ್ತರ ಸಿಕ್ಕಿತೆಂದು ಸಂಭ್ರಮಿಸುವವರ ಹಾಳೆಯಲ್ಲಿ ಸಾಮಾನ್ಯವಾಗಿ ಇದೇ ತಪ್ಪು ಇರುತ್ತದೆ.

ಮೊದಲು ಎಲ್ಲರಿಗೂ ಹೊಳೆಯುವ ದಾರಿಯನ್ನೇ ಹಿಡಿಯೋಣ. ಚುರುಕಾಗಿರುವ ಮಗನೇ ಬ್ಯಾಟರಿ ಹಿಡಿದು ಒಬ್ಬೊಬ್ಬರನ್ನೇ ದಾಟಿಸಲಿ. ಅಜ್ಜಿಯನ್ನು ಬಿಟ್ಟು ಬರಲು 10 ಮತ್ತು 1, ಅಪ್ಪನನ್ನು ಬಿಟ್ಟು ಬರಲು 5 ಮತ್ತು 1, ಕೊನೆಗೆ ಅಮ್ಮನ ಜೊತೆ 2. ಒಟ್ಟು 19 ನಿಮಿಷ. ಯಾರನ್ನು ಮೊದಲು ಕರೆದೊಯ್ದರೂ ಮೊತ್ತ ಬದಲಾಗುವುದಿಲ್ಲ.

ಗಣಕ ವಿಜ್ಞಾನದಲ್ಲಿ ಇಂಥದ್ದಕ್ಕೆ 'ಗ್ರೀಡಿ' ವಿಧಾನ ಎನ್ನುತ್ತಾರೆ. ಮುಂದಿನದನ್ನು ನೋಡದೆ, ಈ ಹೆಜ್ಜೆಗೆ ಯಾವುದು ಅಗ್ಗವೋ ಅದನ್ನೇ ಆರಿಸಿಕೊಳ್ಳುವುದು. ಬ್ಯಾಟರಿ ವಾಪಸು ತರಲು ಮಗನಿಗಿಂತ ಅಗ್ಗವಾದವರಿಲ್ಲ, ಆದ್ದರಿಂದ ಪ್ರತಿ ಸಲವೂ ಅವನೇ. ಈ ತರ್ಕ ಎಷ್ಟು ಸಹಜವೆಂದರೆ ಬಹಳ ಮಂದಿ 19ಕ್ಕೇ ಪೆನ್ನು ಕೆಳಗಿಡುತ್ತಾರೆ.

ನಷ್ಟ ಎಲ್ಲಿದೆ ನೋಡಿ. ವಾಪಸು ಬರುವುದಕ್ಕೆ ಖರ್ಚಾದದ್ದು ಎರಡೇ ನಿಮಿಷ, ಅದರಲ್ಲಿ ಉಳಿಸಲು ಏನೂ ಇಲ್ಲ. ಆದರೆ ಅಜ್ಜಿಯ 10 ಮತ್ತು ಅಪ್ಪನ 5 ಬೇರೆಬೇರೆಯಾಗಿ ಲೆಕ್ಕಕ್ಕೆ ಬಂದವು. ಅವರಿಬ್ಬರೂ ಜೊತೆಯಾಗಿ ನಡೆದಿದ್ದರೆ ಅಪ್ಪನ 5 ನಿಮಿಷ ಅಜ್ಜಿಯ 10ರೊಳಗೇ ಅಡಗಿಹೋಗುತ್ತಿತ್ತು. ಗ್ರೀಡಿ ವಿಧಾನ ಬರುವ ದಾರಿಯ ಚಿಲ್ಲರೆಯನ್ನು ಎಣಿಸುತ್ತಾ ಹೋಗುವ ದಾರಿಯ ನೋಟನ್ನು ಕಳೆದುಕೊಂಡಿತು. ಮನಸ್ಸು ಇದನ್ನು ಒಪ್ಪಲು ಹಿಂಜರಿಯುವುದಕ್ಕೆ ಇನ್ನೊಂದು ಕಾರಣವೂ ಇದೆ ಎಂದು ನನಗನ್ನಿಸುತ್ತದೆ: ಕುಂಟುವವರ ಜೊತೆ ಗಟ್ಟಿಮುಟ್ಟಾದವರನ್ನು ಕಳಿಸುವುದು ನಮ್ಮ ರೂಢಿ, ಕುಂಟುವ ಇಬ್ಬರನ್ನೇ ಕಳಿಸುವುದಿಲ್ಲ.

ಹಾಗಾದರೆ ಅಜ್ಜಿ ಮತ್ತು ಅಪ್ಪ ಮೊದಲೇ ಹೊರಡಲಿ ಎಂದರೆ ಕೆಟ್ಟಿತು. ಆಚೆ ತಲುಪಲು 10, ಬ್ಯಾಟರಿ ತರಲು ಅಪ್ಪನೇ ವಾಪಸು ಬರಬೇಕು, 5. ಮಗ ಮತ್ತು ಅಮ್ಮ ದಾಟಲು 2, ಮಗ ಮರಳಲು 1, ಅಪ್ಪನನ್ನು ಮತ್ತೆ ಕರೆದೊಯ್ಯಲು 5. ಒಟ್ಟು 23! ನಿಧಾನದವರು ಜೊತೆಯಾಗಿ ಹೋಗಬೇಕು, ನಿಜ. ಆದರೆ ಅವರು ಆಚೆ ತಲುಪುವ ಹೊತ್ತಿಗೆ ಬ್ಯಾಟರಿ ತರಬಲ್ಲ ಚುರುಕಾದ ಒಬ್ಬರು ಅಲ್ಲಿ ಕಾದಿರಬೇಕು.

ಈ ಒಂದು ಮಾತು ಕೈಗೆ ಸಿಕ್ಕಿದರೆ ಉಳಿದದ್ದು ಸಲೀಸು. ಚೀಟಿಗಳನ್ನು ಹೀಗೆ ಸರಿಸಿ:

1. ಮಗ ಮತ್ತು ಅಮ್ಮ ಆಚೆಗೆ: 2 ನಿಮಿಷ.
2. ಮಗ ಬ್ಯಾಟರಿಯೊಂದಿಗೆ ಈಚೆಗೆ: 1. (ಒಟ್ಟು 3)
3. ಅಪ್ಪ ಮತ್ತು ಅಜ್ಜಿ ಆಚೆಗೆ: 10. (ಒಟ್ಟು 13)
4. ಆಚೆ ಕಾದಿದ್ದ ಅಮ್ಮ ಈಚೆಗೆ: 2. (ಒಟ್ಟು 15)
5. ಮಗ ಮತ್ತು ಅಮ್ಮ ಮತ್ತೆ ಆಚೆಗೆ: 2. (ಒಟ್ಟು 17)

ನಾಲ್ಕನೆಯ ಸಾಲಿನಲ್ಲಿ ಅಮ್ಮ ಮರಳುವುದು ದಂಡದಂತೆ ಕಾಣುತ್ತದೆ, ಅಲ್ಲಿ ಒಂದು ನಿಮಿಷ ಹೆಚ್ಚಿಗೆ ಹೋಗುವುದೂ ಸತ್ಯ. ಆದರೆ ಆ ಒಂದು ನಿಮಿಷ ತೆತ್ತಿದ್ದರಿಂದಲೇ ಅಪ್ಪನ 5 ನಿಮಿಷ ಪೂರ್ತಿ ಮಾಯವಾಯಿತು. ಎರಡನೆಯ ಸಾಲಿನಲ್ಲಿ ಅಮ್ಮ, ನಾಲ್ಕನೆಯದರಲ್ಲಿ ಮಗ ಮರಳಿದರೂ 17ರಲ್ಲಿ ವ್ಯತ್ಯಾಸವಿಲ್ಲ.

16 ಏಕೆ ಸಾಧ್ಯವಿಲ್ಲ? ಮೊದಲು ಐದೇ ಸಾಲುಗಳ ಯೋಜನೆಗಳನ್ನು ನೋಡೋಣ. ಅಜ್ಜಿ ಮತ್ತು ಅಪ್ಪ ಬೇರೆಬೇರೆಯಾಗಿ ಹೋದರೆ ಆ ಎರಡು ದಾಟುವಿಕೆಗೇ 15 ಆಯಿತು. ಮೂರನೆಯದರಲ್ಲಿಯೂ ಇಬ್ಬರಿರುವುದರಿಂದ ಅದಕ್ಕೆ ಕನಿಷ್ಠ 2, ಎರಡು ಸಲ ಮರಳುವುದಕ್ಕೆ ಕನಿಷ್ಠ 2, ಅಲ್ಲಿಗೆ 19. ಜೊತೆಯಾಗಿ ಹೋದರೆ, ಮತ್ತು ಅವರಲ್ಲಿ ಯಾರೂ ಮರಳಬಾರದೆಂದರೆ, ಅವರ ಸರದಿ ನಡುವಿನದೇ ಆಗಬೇಕು. ಆಗ ಮೊದಲು ಮತ್ತು ಕೊನೆಗೆ ದಾಟುವವರು ಮಗ ಮತ್ತು ಅಮ್ಮ, ಮರಳುವವರೂ ಅವರೇ, ಒಬ್ಬೊಬ್ಬರು ಒಂದೊಂದು ಸಲ: 2, 10, 2 ಮತ್ತು 1, 2. ಇದೇ 17. ಅಪ್ಪನೋ ಅಜ್ಜಿಯೋ ಒಮ್ಮೆ ಮರಳಿದರೂ ಲೆಕ್ಕ 17 ದಾಟುತ್ತದೆ: ಹೋಗುವುದಕ್ಕೆ ಕನಿಷ್ಠ 10, 2, 2 ಮತ್ತು ಬರುವುದಕ್ಕೆ 5, 1 ಸೇರಿ 20. ಐದರ ಬದಲು ಏಳು ಸಲ ಓಡಾಡಿದರೆ? ಹೋಗುವ ನಾಲ್ಕು ಸಲಗಳಲ್ಲಿ ಕನಿಷ್ಠ ಮೂರು ಸಲ ಇಬ್ಬರಿಬ್ಬರು ಇರಲೇಬೇಕು, ಆದ್ದರಿಂದ 10, 2, 2, 1 ಮತ್ತು ಬರುವುದಕ್ಕೆ 3, ಅಲ್ಲೇ 18.

ಇಲ್ಲಿಗೆ ನಿಲ್ಲಿಸಿ, 'ನಿಧಾನದವರನ್ನು ಯಾವಾಗಲೂ ಜೋಡಿ ಮಾಡು' ಎಂದು ಬಾಯಿಪಾಠ ಮಾಡಿದರೆ ಮತ್ತೊಂದು ತಪ್ಪಿಗೆ ಬೀಳುತ್ತೀರಿ. ಅಂಕಿಗಳನ್ನು 1, 4, 5, 6 ಎಂದು ಬದಲಿಸಿ ನೋಡಿ. ಜೋಡಿ ಮಾಡಿದರೆ 4+1+6+4+4, ಅಂದರೆ 19. ಮಗನೇ ಒಬ್ಬೊಬ್ಬರನ್ನು ದಾಟಿಸಿದರೆ 6+1+5+1+4, ಅಂದರೆ 17. ಈ ಸಲ ಗೆದ್ದದ್ದು ಗ್ರೀಡಿ! ಎರಡನೆಯ ಚುರುಕಿನವರೇ ನಿಧಾನವಾಗಿರುವಾಗ ಅವರನ್ನು ಮತ್ತೆ ಮತ್ತೆ ಓಡಾಡಿಸುವುದು ದುಬಾರಿ.

ಯಾವಾಗ ಯಾವುದು ಎಂದು ತಿಳಿಯಲು ಒಂದೇ ಹೋಲಿಕೆ ಸಾಕು. ಅತಿ ನಿಧಾನದ ಇಬ್ಬರನ್ನು ದಾಟಿಸಿ ಬ್ಯಾಟರಿಯನ್ನು ಈಚೆಗೆ ತರುವ ಖರ್ಚನ್ನು ಎರಡೂ ವಿಧಾನಗಳಲ್ಲಿ ಬರೆದು, ಎರಡರಲ್ಲೂ ಇರುವುದನ್ನು ಹೊಡೆದುಹಾಕಿ. ಜೋಡಿ ವಿಧಾನದಲ್ಲಿ ಉಳಿಯುವುದು ಎರಡನೆಯ ಚುರುಕಿನವರ ಸಮಯದ ಎರಡರಷ್ಟು. ಗ್ರೀಡಿಯಲ್ಲಿ ಉಳಿಯುವುದು ಅತಿ ಚುರುಕಿನವರ ಸಮಯ ಮತ್ತು ನಿಧಾನದಲ್ಲಿ ಎರಡನೆಯವರ ಸಮಯ ಸೇರಿದ ಮೊತ್ತ. ಯಾವುದು ಕಡಿಮೆಯೋ ಅದನ್ನು ಹಿಡಿಯಿರಿ. ನಮ್ಮ ಮನೆಯವರಿಗೆ ಅದು 4 ಮತ್ತು 6, ಆದ್ದರಿಂದ ಜೋಡಿ. 1, 4, 5, 6ಕ್ಕೆ ಅದು 8 ಮತ್ತು 6, ಆದ್ದರಿಂದ ಗ್ರೀಡಿ. ಎಷ್ಟೇ ಜನರಿರಲಿ, ಈಚೆ ನಾಲ್ವರೋ ಹೆಚ್ಚೋ ಉಳಿದಿರುವವರೆಗೆ ಪ್ರತಿ ಸುತ್ತಿನಲ್ಲೂ ಹೀಗೆಯೇ ಹೋಲಿಸುತ್ತಾ ಹೋದರೆ ಸಿಗುವ ಸಮಯಕ್ಕಿಂತ ಕಡಿಮೆ ಸಾಧ್ಯವಿಲ್ಲ ಎಂಬುದನ್ನು ಬರ್ಲಿನ್‌ನ ಗುಂಟರ್ ರೋಟೆ 2002ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಸಾಧಿಸಿ ತೋರಿಸಿದರು.

ಈಗ ಇನ್ನೆರಡು ಚೀಟಿ ಸೇರಿಸಿ: 1, 4, 5, 6, 9, 12. ಮೊದಲ ಹೋಲಿಕೆ 8 ಮತ್ತು 10, ಆದ್ದರಿಂದ 12 ಮತ್ತು 9ನ್ನು ಜೋಡಿಯಾಗಿ ಕಳಿಸಿ: 4+1+12+4, ಅಂದರೆ 21. ಉಳಿದವರು 1, 4, 5, 6. ಹೋಲಿಕೆ ತಿರುಗಿತು, 8 ಮತ್ತು 6. ಆದ್ದರಿಂದ ಈಗ 1 ಅಂಕಿಯವನೇ 6 ಮತ್ತು 5ನ್ನು ಒಬ್ಬೊಬ್ಬರಾಗಿ ದಾಟಿಸಿ ಬರಲಿ: 6+1+5+1, ಅಂದರೆ 13. ಕೊನೆಗೆ 1 ಮತ್ತು 4 ಜೊತೆಯಾಗಿ: 4. ಒಟ್ಟು 38. ಮೊದಲಿನಿಂದ ಕೊನೆಯವರೆಗೆ ಗ್ರೀಡಿಯನ್ನೇ ಹಿಡಿದರೆ 40 ಬರುತ್ತದೆ, ಜೋಡಿಯನ್ನೇ ಹಿಡಿದರೂ 40.